ಬಿಂದುವಿನ ಕೆಳಗೆ ಬಿಂದು: ದಶಮಾಂಶ ಕೂಡೋ, ಕಳೆಯೋ ಲೆಕ್ಕಗಳು

(6 ಮತ್ತು 7ನೇ ಕ್ಲಾಸಿನ ಟ್ಯೂಷನ್ ಮಕ್ಕಳಿಗೆ. ಸೋಮವಾರ ಬರುವಾಗ ಮಾಡಿಕೊಂಡು ಬನ್ನಿ.)

ಕಳೆದ ಶನಿವಾರದ ಟೆಸ್ಟಿನಲ್ಲಿ ಒಂದು ಲೆಕ್ಕ ಕೊಟ್ಟಿದ್ದೆ, ನೆನಪಿದೆಯಾ? ಸಂತೆಯಲ್ಲಿ ಅಮ್ಮ 3.5 ಕೆಜಿ ಈರುಳ್ಳಿ, 0.75 ಕೆಜಿ ಟೊಮೆಟೊ, 2 ಕೆಜಿ ಆಲೂಗಡ್ಡೆ ತಗೊಂಡರು, ಚೀಲದ ತೂಕ ಎಷ್ಟು? ನಿಮ್ಮಲ್ಲಿ ಸುಮಾರು ಜನ ಹೀಗೆ ಬರೆದಿದ್ದಿರಿ:

```
   3.5
  0.75
+    2
------
  1.12
```

ಐದು, ಐದು, ಎರಡು ಸೇರಿ ಹನ್ನೆರಡು. ದಶಕ ಒಂದು. ಕೂಡಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ಈರುಳ್ಳಿ ಒಂದೇ ಮೂರೂವರೆ ಕೆಜಿ ಇದೆ, ಅದರ ಮೇಲೆ ಟೊಮೆಟೊ, ಆಲೂಗಡ್ಡೆ ಹಾಕಿದ ಮೇಲೆ ಚೀಲ ಒಂದು ಕೆಜಿ ಚಿಲ್ಲರೆಗೆ ಇಳಿದುಬಿಡುತ್ತಾ? ಹಾಗಿದ್ದರೆ ಸಂತೆಯಿಂದ ಮನೆವರೆಗೆ ಚೀಲ ಹೊರೋ ಅಮ್ಮಂದಿರಿಗೆಲ್ಲ ಖುಷಿಯೋ ಖುಷಿ.

ತಪ್ಪು ಕೂಡೋದರಲ್ಲಿ ಆಗಿಲ್ಲ, ಬರೆಯೋದರಲ್ಲಿ ಆಗಿದೆ. ಒಂದನೇ ಕ್ಲಾಸಿನಿಂದ ನಾವೇ ನಿಮಗೆ "ಬಲಗಡೆ ಸಮ ಮಾಡಿ ಬರಿ" ಅಂತ ಹೇಳಿಕೊಟ್ಟಿದ್ದೇವೆ. ಆಗ ಅದು ಸರಿಯೇ, ಯಾಕೆಂದರೆ ಪೂರ್ಣ ಸಂಖ್ಯೆಯಲ್ಲಿ ಬಲತುದಿಯಲ್ಲಿ ಇರೋದು ಯಾವಾಗಲೂ ಬಿಡಿ ಸ್ಥಾನ. ದಶಮಾಂಶದಲ್ಲಿ ಹಾಗಿಲ್ಲ. 3.5ರ ಬಲತುದಿ ದಶಾಂಶ, 0.75ರ ಬಲತುದಿ ಶತಾಂಶ, ಬರೀ 2ರ ಬಲತುದಿ ಬಿಡಿ. ಮೂರನ್ನೂ ಒಂದೇ ಸಾಲಿಗೆ ನಿಲ್ಲಿಸಿದರೆ ರೂಪಾಯಿ, ಪೈಸೆ ಎಲ್ಲ ಒಟ್ಟಿಗೆ ಎಣಿಸಿದ ಹಾಗೆ. ಇನ್ನು ಮೇಲೆ ಬಲತುದಿ ನೋಡಬೇಡಿ, ಬಿಂದು ನೋಡಿ:

```
  3.50
  0.75
+ 2.00
------
  6.25
```

2ರಲ್ಲಿ ಬಿಂದುವೇ ಇಲ್ಲವಲ್ಲ ಮಿಸ್ ಅಂತ ಕೇಳ್ತೀರಿ. ಇದೆ, 2ರ ಬಲಕ್ಕೇ ಇದೆ, ಬರೆದಿಲ್ಲ ಅಷ್ಟೆ. ಖಾಲಿ ಜಾಗಕ್ಕೆ ಸೊನ್ನೆ ಹಾಕಿದರೆ ಬೆಲೆ ಬದಲಾಗಲ್ಲ, 3.5 ಅಂದರೂ 3.50 ಅಂದರೂ ಮೂರೂವರೆಯೇ. ಆದರೆ ಸೊನ್ನೆ ಬಲತುದಿಯಲ್ಲಿ ಇರಬೇಕು. 3.05 ಅಂತ ಮಧ್ಯೆ ತೂರಿಸಿದರೆ ಅದು ಬೇರೆಯೇ ಸಂಖ್ಯೆ.

ಚೌಕುಳಿ ಪುಸ್ತಕ ಇದ್ದವರು ಒಂದು ಮನೆಗೆ ಒಂದೇ ಅಂಕಿ ಬರೆಯಿರಿ, ಬಿಂದುವನ್ನು ಎರಡು ಮನೆ ನಡುವಿನ ಗೆರೆ ಮೇಲೆ ಇಡಿ. ಇಲ್ಲದವರು ಹೊಸದು ಕೊಡಿಸಿ ಅಂತ ಮನೆಯಲ್ಲಿ ಹಟ ಮಾಡಬೇಡಿ. ಗೆರೆ ಪುಸ್ತಕವನ್ನೇ ಅಡ್ಡ ತಿರುಗಿಸಿಕೊಳ್ಳಿ, ಗೆರೆಗಳೆಲ್ಲ ಮೇಲಿಂದ ಕೆಳಕ್ಕೆ ನಿಲ್ಲುತ್ತವೆ, ಬೇಕಾದ ಕಂಬಸಾಲು ಸುಮ್ನೆ ಸಿಕ್ಕಿತು. ನಾನು ಈಗಲೂ ಹಾಗೇ ಮಾಡೋದು.

ಭಾಗ 1. ಬರೆಯೋದು ಮಾತ್ರ, ಕೂಡಬೇಡಿ

ಇವನ್ನು ಒಂದರ ಕೆಳಗೆ ಒಂದು ಬರೆಯಿರಿ, ಬೇಕಾದಲ್ಲಿ ಸೊನ್ನೆ ತುಂಬಿಸಿ, ಅಲ್ಲಿಗೇ ಪೆನ್ಸಿಲ್ ಕೆಳಗಿಡಿ. ಕೂಡಿದವರಿಗೆ ಇಲ್ಲಿ ಮಾರ್ಕ್ಸ್ ಇಲ್ಲ, ನಿಜವಾಗಲೂ.

ಅ) 4.6 + 12.35
ಆ) 7 + 0.08
ಇ) 105.2 + 9.875
ಈ) 0.4 + 40 + 4.04

ಕೊನೆಯದರಲ್ಲಿ ನಾಲ್ಕು ಯಾವ್ಯಾವ ಸ್ಥಾನದಲ್ಲಿದೆ ಅಂತ ಬೆರಳಿಟ್ಟು ನೋಡಿ. ಸರಿಯಾಗಿ ಬರೆದಿದ್ದರೆ ಒಂದೊಂದು ಕಂಬಸಾಲಿನಲ್ಲಿ ಒಂದೇ ಒಂದು 4 ಇರುತ್ತದೆ, ಉಳಿದದ್ದೆಲ್ಲ ಸೊನ್ನೆ ಅಥವಾ ಖಾಲಿ.

ಭಾಗ 2. ಇವತ್ತು ನೀವೇ ಮಿಸ್ಸು

ಕೆಂಪು ಪೆನ್ನು ತಗೊಳ್ಳಿ. ಐದು ಉತ್ತರಗಳಿವೆ. ನಾಲ್ಕು ತಪ್ಪು, ಒಂದು ಸರಿ. ಬರೀ ತಪ್ಪು ಗುರುತು ಹಾಕಿ ಮುಂದೆ ಹೋಗಬೇಡಿ, ಆ ಹುಡುಗನೋ ಹುಡುಗಿಯೋ ಏನು ಯೋಚನೆ ಮಾಡಿ ಹಾಗೆ ಬರೆದರು ಅಂತ ಒಂದು ಸಾಲು ಬರೆಯಿರಿ. ನನಗೆ ಆ ಸಾಲೇ ಬೇಕಾಗಿರೋದು.

ಅ)
```
  12.4
+ 3.25
------
  4.49
```

ಆ)
```
    8
- 3.6
-----
  3.2
```

ಇ)
```
  5.3
- 2.17
------
  3.27
```

ಈ)
```
  6.05
+ 0.90
------
  6.95
```

ಉ)
```
  2.75
+ 3.85
------
  5.160
```

'ಇ' ನೋಡಿದಾಗ ಸ್ವಲ್ಪ ನಿಧಾನ ಮಾಡಿ. ಬಿಂದುವಿನ ಕೆಳಗೆ ಬಿಂದು ಸರಿಯಾಗೇ ಇದೆ. ಆದರೂ ತಪ್ಪು.

ಭಾಗ 3. ಕೂಡಿ

ಪ್ರತಿ ಲೆಕ್ಕಕ್ಕೂ ಮೊದಲು ಪಕ್ಕದಲ್ಲಿ ಅಂದಾಜು ಬರೆಯಿರಿ. ಉದಾಹರಣೆಗೆ 6.4 + 2.35 ಅಂದರೆ ಆರು, ಎರಡು ಸೇರಿ ಎಂಟಕ್ಕಿಂತ ಸ್ವಲ್ಪ ಜಾಸ್ತಿ. ಉತ್ತರ ಮೂರರ ಹತ್ತಿರ ಬಂದರೆ ಅಲ್ಲೇ ಗೊತ್ತಾಗಬೇಕು.

1) 6.4 + 2.35
2) 15 + 0.6 + 3.48
3) 0.9 + 0.09 + 0.009
4) 27.08 + 4.925
5) 100 + 0.01 + 10.1

ಭಾಗ 4. ಕಳೆಯಿರಿ

ಕೂಡುವಾಗ ಸೊನ್ನೆ ತುಂಬಿಸದಿದ್ದರೂ ಬಿಂದು ಸರಿಯಿದ್ದರೆ ಹೇಗೋ ಪಾರಾಗಬಹುದು. ಕಳೆಯುವಾಗ ಆಗಲ್ಲ. ಮೇಲೆ ಏನೂ ಇಲ್ಲ, ಕೆಳಗೆ 7 ಇದೆ ಅಂದಾಗ ನಮ್ಮ ಕೈ ತಾನಾಗೇ 7 ಅಂತ ಕೆಳಗಿಳಿಸಿಬಿಡುತ್ತೆ. ಏನೂ ಇಲ್ಲದ ಕಡೆಯಿಂದ 7 ಕೊಡೋಕೆ ಆಗುತ್ತಾ? ಪಕ್ಕದ ಮನೆಯಿಂದ ಸಾಲ ತರಬೇಕು. ಸಾಲ ತರೋಕೆ ಮೊದಲು ಅಲ್ಲೊಂದು ಮನೆ ಇರಬೇಕು, ಅದಕ್ಕೇ ಆ ಸೊನ್ನೆ.

6) 9.2 − 4.65
7) 10 − 0.37
8) 50.4 − 8.126
9) 3.007 − 1.98
10) 1 − 0.999

ಏಳನೇ ಲೆಕ್ಕದಲ್ಲಿ ಸಾಲ ಎರಡು ಮನೆ ದಾಟಿ ಬರಬೇಕು, ಹತ್ತನೆಯದರಲ್ಲೂ ಅಷ್ಟೆ. ಮೇಲೆ ಪುಟ್ಟದಾಗಿ 9, 9, 10 ಅಂತ ಬರೆದುಕೊಳ್ಳೋರು ಬರೆದುಕೊಳ್ಳಿ, ಅವಮಾನ ಏನಿಲ್ಲ.

ಉತ್ತರ ಬಂದ ಮೇಲೆ ಅದನ್ನು ಕೆಳಗಿನ ಸಂಖ್ಯೆಗೆ ಕೂಡಿ. ಮೇಲಿನ ಸಂಖ್ಯೆ ವಾಪಸ್ ಬಂದರೆ ನನ್ನ ಹತ್ತಿರ ತೋರಿಸೋಕೂ ಬರಬೇಡಿ, ಸರಿ ಇದೆ.

ಭಾಗ 5. ಮಾತಿನ ಲೆಕ್ಕ

11) 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಹೆಂಗಸರ 400 ಮೀಟರ್ ಹರ್ಡಲ್ಸ್ ಓಟದ ಫೈನಲ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಮುಗಿಸಿ ನಾಲ್ಕನೆಯವರಾದರು. ಕಂಚು ಸಿಕ್ಕವರ ಸಮಯ 55.41. ಎಷ್ಟು ಸೆಕೆಂಡಿನಲ್ಲಿ ಪದಕ ಕೈತಪ್ಪಿತು? ಇಲ್ಲಿ ಬಿಂದು ತಾನಾಗೇ ಸಮ ಬರುತ್ತೆ, ಸುಲಭ. ಆದರೆ ಉತ್ತರವನ್ನು 0.1 ಅಂತ ಬರೆದರೆ ಅಂತರವನ್ನು ಹತ್ತು ಪಟ್ಟು ಮಾಡಿದ ಹಾಗೆ.

12) ನೀರಜ್ ಚೋಪ್ರಾ ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ 89.45 ಮೀಟರ್ ಎಸೆದರು, ಬೆಳ್ಳಿ ಬಂತು.
ಅ) ಟೋಕಿಯೊಗಿಂತ ಪ್ಯಾರಿಸ್‌ನಲ್ಲಿ ಎಷ್ಟು ಜಾಸ್ತಿ ದೂರ?
ಆ) ಪ್ಯಾರಿಸ್‌ನ ಎಸೆತ 90 ಮೀಟರಿಗೆ ಎಷ್ಟು ಕಮ್ಮಿ ಆಯಿತು? (90 ಅಂತ ಬರೆದು ಸುಮ್ಮನಿರಬೇಡಿ.)

13) ಅಜ್ಜಿ 4 ಮೀಟರ್ ಬಟ್ಟೆ ತಂದರು. ಲಂಗಕ್ಕೆ 2.25 ಮೀಟರ್, ರವಿಕೆಗೆ 0.8 ಮೀಟರ್ ಬೇಕು ಅಂತ ಟೈಲರ್ ಹೇಳಿದರು. ಉಳಿಯೋ ಬಟ್ಟೆ ಎಷ್ಟು? ಅದರಲ್ಲಿ ಇನ್ನೊಂದು ರವಿಕೆ ಆಗುತ್ತಾ?

14) ಒಂದು ಹಲಸಿನ ಹಣ್ಣು 8 ಕೆಜಿ 50 ಗ್ರಾಂ ಇತ್ತು. ಕೈಗೆ ಎಣ್ಣೆ ಸವರಿಕೊಂಡು ಕೂತು ಬಿಡಿಸಿದರು. ತೊಳೆ 2.4 ಕೆಜಿ, ಬೀಜ 0.925 ಕೆಜಿ. ಉಳಿದ ಸಿಪ್ಪೆ, ನಾರೆಲ್ಲ ಹಸುವಿಗೆ ಹೋಯಿತು. ಹಸುವಿಗೆ ಸಿಕ್ಕಿದ್ದು ಎಷ್ಟು ಕೆಜಿ? ಮೊದಲು 50 ಗ್ರಾಂ ಅಂದರೆ ಕೆಜಿಯಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ಕೆಜಿಗೆ ಸಾವಿರ ಗ್ರಾಂ, ನೂರಲ್ಲ.

15) ಪುಸ್ತಕ ಮಳೆಯಲ್ಲಿ ನೆನೆದು ಬಿಂದುಗಳೆಲ್ಲ ಅಳಿಸಿ ಹೋಗಿವೆ. ಅಂಕಿಗಳು ಮಾತ್ರ ಉಳಿದಿವೆ. ಲೆಕ್ಕ ಸರಿಯಾಗೋ ಹಾಗೆ ಬಿಂದು ಇಡಿ. ಒಂದಕ್ಕಿಂತ ಜಾಸ್ತಿ ಉತ್ತರ ಇರಬಹುದು.
ಅ) 346 + 52 = 866
ಆ) 7 − 25 = 45

ಉತ್ತರಗಳು

(ಮಾಡಿದ ಮೇಲೆ ನೋಡಿ. ನಿಮ್ಮ ಉತ್ತರ ತಪ್ಪಾಗಿದ್ದರೆ ಅದೇ ತಪ್ಪು ಇಲ್ಲಿದೆಯಾ ಹುಡುಕಿ, ಎಲ್ಲಿ ಎಡವಿದಿರಿ ಅಂತ ನೀವೇ ಕಂಡುಹಿಡಿಯಬಹುದು.)

ಭಾಗ 1: ಬರೆದದ್ದನ್ನು ನಾನೇ ನೋಡುತ್ತೇನೆ. ಈಗ ಕೂಡಬೇಕು ಅನ್ನಿಸಿದವರಿಗೆ: 16.95, 7.08, 115.075, 44.44.

ಭಾಗ 2: 'ಈ' ಸರಿ. 'ಅ' ಬಲತುದಿ ಸಮ ಮಾಡಿದ್ದು, 15.65 ಬರಬೇಕು. ಹನ್ನೆರಡಕ್ಕೆ ಮೂರು ಸೇರಿಸಿ ನಾಲ್ಕು ಹೇಗಾಯಿತು ಅಂತ ಕೇಳಿದ್ದರೂ ಸಾಕಿತ್ತು. 'ಆ'ದಲ್ಲಿ 8ನ್ನು 6ರ ಮೇಲೆ ಕೂರಿಸಿದ್ದಾರೆ, ಅಂದರೆ 8 ಅನ್ನೋದು 0.8 ಆಗಿಹೋಯಿತು, 0.8ರಿಂದ 3.6 ಕಳೆಯೋದಾದರೂ ಹೇಗೆ? ಉತ್ತರ 4.4. 'ಇ'ದಲ್ಲಿ 5.3ರ ಮುಂದೆ ಸೊನ್ನೆ ಹಾಕದೆ 7ನ್ನು ಹಾಗೇ ಇಳಿಸಿದ್ದಾರೆ, 5.30 ಅಂತ ಬರೆದಿದ್ದರೆ 3.13. 'ಉ'ದಲ್ಲಿ ಬಿಂದುವನ್ನು ಗೋಡೆ ಅಂದುಕೊಂಡಿದ್ದಾರೆ. ಈ ಕಡೆಯದು ಬೇರೆ, ಆ ಕಡೆಯದು ಬೇರೆ ಕೂಡಿ 160ನ್ನು ಇಡಿಯಾಗಿ ಇಟ್ಟಿದ್ದಾರೆ. ದಶಕ ಬಿಂದುವನ್ನು ದಾಟಿ ಹೋಗುತ್ತೆ, ಅದಕ್ಕೆ ಅಡ್ಡಿಯಿಲ್ಲ. ಉತ್ತರ 6.60.

ಭಾಗ 3:
1) 8.75. (2.99 ಬಂದರೆ ಬಲತುದಿ ಸಮ ಮಾಡಿದ್ದೀರಿ.)
2) 19.08. (3.69 ಬಂದರೆ ಅದೇ ಕಥೆ. 15 ಎಲ್ಲಿ ಹೋಯಿತು?)
3) 0.999. (0.027 ಬಂದವರು ಮೂರು 9ಗಳನ್ನೂ ಒಂದರ ಕೆಳಗೊಂದು ನಿಲ್ಲಿಸಿದ್ದೀರಿ. ನೋಡೋಕೆ ಚೆಂದ ಕಾಣುತ್ತೆ, ಅದೇ ಮೋಸ.)
4) 32.005. (7.633 ಬಂದರೆ ತಪ್ಪು. 32.5 ಅಂತ ಬರೆದವರು ಮಧ್ಯದ ಸೊನ್ನೆಗಳನ್ನು ನುಂಗಿದ್ದೀರಿ.)
5) 110.11. (2.02 ಬಂದರೆ ನೂರರ ನೋಟು ಕಳೆದುಕೊಂಡಿರಿ.)

ಭಾಗ 4:
6) 4.55. (4.65 ಬಂದರೆ 5ನ್ನು ಹಾಗೇ ಇಳಿಸಿದ್ದೀರಿ.)
7) 9.63. (10.37 ಬಂದವರೇ, ಹತ್ತರಿಂದ ಕಳೆದ ಮೇಲೆ ಹತ್ತಕ್ಕಿಂತ ಜಾಸ್ತಿ ಉಳಿಯಿತಾ?)
8) 42.274.
9) 1.027. (2.809 ಬಂದರೆ ಬಲತುದಿ. ಮೇಲೆ ಮೂರು ಸ್ಥಾನ ಇದೆ, ಕೆಳಗೆ 1.980 ಮಾಡಿಕೊಳ್ಳಬೇಕಿತ್ತು.)
10) 0.001.

ಭಾಗ 5:
11) 0.01 ಸೆಕೆಂಡ್.
12) ಅ) 1.87 ಮೀಟರ್. ಆ) 0.55 ಮೀಟರ್. 1.45 ಅಂತ ಬಂದಿದ್ದರೆ 45ನ್ನು ಕೆಳಗಿಳಿಸಿದ್ದೀರಿ. 89 ದಾಟಿದವರಿಗೆ 90ಕ್ಕೆ ಒಂದು ಮೀಟರಿಗಿಂತ ಜಾಸ್ತಿ ಬಾಕಿ ಇರೋಕೆ ಸಾಧ್ಯವೇ ಇಲ್ಲ.
13) ಬೇಕಾಗಿದ್ದು 3.05, ಉಳಿದದ್ದು 0.95 ಮೀಟರ್. ಇನ್ನೊಂದು ರವಿಕೆ ಆಗುತ್ತೆ, ಆಮೇಲೂ 0.15 ಮೀಟರ್ ಚೂರು ಮಿಗುತ್ತೆ. 2.25ಕ್ಕೆ 0.8 ಕೂಡುವಾಗ 2.33 ಮಾಡಿದವರ ರವಿಕೆಗೆ ಬರೀ 8 ಸೆಂಟಿಮೀಟರ್ ಬಟ್ಟೆ ಸಿಕ್ಕಿದೆ. ತೋಳು ಬಿಡಿ, ಕಾಲರಿಗೂ ಸಾಲಲ್ಲ.
14) 8.050ರಿಂದ 3.325 ಕಳೆದರೆ 4.725 ಕೆಜಿ. 5.175 ಬಂದವರು 50 ಗ್ರಾಮನ್ನು 0.5 ಅಂತ ಬರೆದಿದ್ದೀರಿ, ಅದು ಅರ್ಧ ಕೆಜಿ.
15) ಅ) 3.46 + 5.2 = 8.66. 34.6 + 52 = 86.6 ಅಂದರೂ ಸರಿ, 0.346 + 0.52 = 0.866 ಅಂದರೂ ಸರಿ. ಮೂರನ್ನೂ ಒಂದರ ಕೆಳಗೆ ಒಂದು ಬರೆದು ನೋಡಿ, ಪ್ರತಿ ಸಲವೂ 5 ಬಂದು ಕೂರೋದು 3ರ ಕೆಳಗೇ. ಆ) 7 − 2.5 = 4.5. 0.7 − 0.25 = 0.45 ಬರೆದವರಿಗೂ ಪೂರ್ತಿ ಮಾರ್ಕ್ಸ್.