ಮೈಲುತುತ್ತ, ಸುಣ್ಣಕ್ಕೆ ಲಿಖಿತ ಕೊಟೇಶನ್ ಬೇಕು – ತೀರ್ಥಹಳ್ಳಿ ಅಡಿಕೆ ಬೆಳೆಗಾರರ ಗುಂಪಿನಿಂದ

ನಮಸ್ಕಾರ ಸರ್,

ನಾವು ತೀರ್ಥಹಳ್ಳಿ ತಾಲೂಕಿನ ಅಡಿಕೆ ಬೆಳೆಗಾರರು, ಅಕ್ಕಪಕ್ಕದ ಊರಿನವರೆಲ್ಲ ಸೇರಿ ಮಳೆಗಾಲದ ಬೋರ್ಡೋ ಔಷಧಿಗೆ ಬೇಕಾದ ಸಾಮಾನು ಒಟ್ಟಿಗೆ ತರಿಸ್ತೀವಿ. ಕೊಪ್ಪದ ಕಡೆ ನಮ್ಮ ನೆಂಟರೊಬ್ರು ನಿಮ್ಮ ಹತ್ರ ತಗೊಂಡಿದ್ರು, ಮಾಲು ಚೆನ್ನಾಗಿತ್ತು ಅಂತ ಹೇಳಿ ನಂಬರ್ ಕೊಟ್ರು. ನಿಮ್ಮ ಜೊತೆ ವ್ಯವಹಾರ ಇದೇ ಮೊದಲು, ಹಂಗಾಗಿ ಎಲ್ಲ ಬಿಡಿಸಿ ಬರೀತಾ ಇದೀನಿ, ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ನಮಗೆ ಬೇಕಾಗಿರೋದು ಮೈಲುತುತ್ತ 2,000 ಕೆಜಿ, ಸುಣ್ಣ 2,000 ಕೆಜಿ. ಎರಡೂ 25 ಕೆಜಿ ಚೀಲದಲ್ಲೇ ಬರ್ಬೇಕು, ಅಂದ್ರೆ 80 ಚೀಲ ಅದು, 80 ಚೀಲ ಇದು. 50 ಕೆಜಿ ಚೀಲ ಬೇಡ ಸರ್, ನಮ್ಮಲ್ಲಿ ಸಣ್ಣ ತೋಟದವರೇ ಜಾಸ್ತಿ, ಬಿಚ್ಚಿ ಹಂಚೋಕೆ ಹೋದ್ರೆ ತೇವ ಹಿಡಿದು ಹಾಳಾಗುತ್ತೆ.

ಮೈಲುತುತ್ತ ನೀಲಿ ಹರಳಿನದ್ದೇ ಆಗ್ಬೇಕು, ತಾಮ್ರದ ಅಂಶ ಕಮ್ಮಿ ಅಂದ್ರೂ 24% ಇರ್ಬೇಕು, ಚೀಲದ ಒಳಗೆ ಪ್ಲಾಸ್ಟಿಕ್ ಲೈನರ್ ಇರ್ಬೇಕು, ಬ್ಯಾಚ್ ನಂಬರ್, ತಯಾರಾದ ತಿಂಗಳು ಮೇಲೆ ಪ್ರಿಂಟ್ ಆಗಿರ್ಬೇಕು. ಹೋದ ವರ್ಷ ಬೇರೆ ಕಡೆಯಿಂದ ತರಿಸಿದ್ದರಲ್ಲಿ ಕೆಲವು ಚೀಲ ಹಸಿರು ಬಣ್ಣಕ್ಕೆ ತಿರುಗಿತ್ತು, ಕರಗಿಸಿ ಅಮೋನಿಯಾ ಹಾಕಿ ನೋಡಿದ್ರೆ ಮೇಲೆ ಗಾಢ ನೀಲಿ, ತಳದಲ್ಲಿ ಕಂದು ಗಸಿ ನಿಂತ್ಕೊಳ್ತು, ಅಂದ್ರೆ ಕಬ್ಬಿಣದ ಸಲ್ಫೇಟ್ ಬೆರೆಸಿದ್ರು. ಅಷ್ಟರಲ್ಲಿ ಮಳೆ ಹಿಡಿದಿತ್ತು, ಎರಡನೇ ಸಲ ಮರ ಹತ್ತಿಸೋಕೆ ಕೊನೆಗಾರರು ಸಿಗ್ಲಿಲ್ಲ, ಎಷ್ಟೋ ತೋಟದಲ್ಲಿ ಕೊಳೆ ಬಂದು ಕಾಯಿ ಉದುರಿ ಹೋಯ್ತು. ಅದಕ್ಕೇ ಈ ಸಲ ಗುಣಮಟ್ಟದಲ್ಲಿ ರಾಜಿ ಆಗೋಲ್ಲ, ಗಾಡಿ ಬಂದಾಗ ಯಾವುದಾದ್ರೂ 4 ಚೀಲದಿಂದ ಸ್ಯಾಂಪಲ್ ತೆಗೆದು ಇದೇ ಪರೀಕ್ಷೆ ಮಾಡ್ತೀವಿ, ಫೇಲ್ ಆದ್ರೆ ಆ ಬ್ಯಾಚ್ ಪೂರ್ತಿ ನಿಮ್ಮ ಖರ್ಚಲ್ಲೇ ವಾಪಸ್ ತಗೋಬೇಕು. ಇದಕ್ಕೆ ಒಪ್ಪಿಗೆ ಇದೆ ಅಂತ ಕೊಟೇಶನ್‌ನಲ್ಲೇ ಬರೀರಿ, ಜೊತೆಗೆ ಲ್ಯಾಬ್ ರಿಪೋರ್ಟ್ ಕಾಪಿ ಇಡಿ.

ಸುಣ್ಣ ಸ್ಪ್ರೇಗೆ ಅಂತಲೇ ಬರೋ ನುಣ್ಣನೆ ಪುಡಿ ಬೇಕು, ಕಲ್ಲು ಮರಳು ಇದ್ರೆ ನಾಜಲ್ ಕಟ್ಕೊಳ್ಳುತ್ತೆ, ಮರದ ಮೇಲಿರೋನು ಪ್ರತಿ ಸಲ ಇಳಿದು ಬರೋಕಾಗುತ್ತಾ? ಹಳೇ ಸ್ಟಾಕ್ ಕಳಿಸ್ಬೇಡಿ, ಗಾಳಿ ತಾಗಿದ ಸುಣ್ಣಕ್ಕೆ ಖಾರ ಇರೋಲ್ಲ, 100 ಲೀಟರ್‌ಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಅಂತ ಹಾಕಿದ್ರೂ ಹುಳಿ ಉಳಿದು ಕತ್ತಿ ಅದ್ದಿದ್ರೆ ಕೆಂಪು ತಾಮ್ರ ಕೂರುತ್ತೆ.

ಡೆಲಿವರಿ ಎರಡು ಕಂತಲ್ಲಿ ಬೇಕು. ಮೊದಲನೇದು ಮೇ 15ರ ಒಳಗೆ, ಎರಡೂ ಸಾಮಾನು ತಲಾ 1,200 ಕೆಜಿ, ಇದು ಒಂದು ದಿನವೂ ಮುಂದೆ ಹೋಗ್ಬಾರ್ದು ಯಾಕಂದ್ರೆ ಮಳೆಗೆ ಮುಂಚೆ ಮೊದಲನೇ ಔಷಧಿ ಮುಗೀಬೇಕು. ಎರಡನೇದು ಜುಲೈ 5ರ ಒಳಗೆ, ತಲಾ 800 ಕೆಜಿ. ಮಾಲು ಕೋಣಂದೂರಿನ ನಮ್ಮ ಗೋಡೌನ್‌ಗೆ ಬರ್ಬೇಕು, ರಸ್ತೆ ಚಿಕ್ಕದು, ದೊಡ್ಡ ಲಾರಿ ತಿರುಗೋಲ್ಲ, 407 ಅಥವಾ ಐಷರ್ ಸೈಜಿನ ಗಾಡೀಲಿ ಕಳ್ಸಿ. ಬಾಡಿಗೆ ನಿಮ್ದು, ಇಳಿಸೋ ಹಮಾಲಿ ನಮ್ದು. ಎರಡನೇ ಕಂತಿನ ಹೊತ್ತಿಗೆ ಜೋರು ಮಳೆ ಇರುತ್ತೆ, ತಾಡಪಾಲು ಸರಿಯಾಗಿ ಕಟ್ಟಿ, ಒದ್ದೆ ಚೀಲ ನಾವು ಇಳಿಸ್ಕೊಳ್ಳೋಲ್ಲ.

ರೇಟ್ ಕೆಜಿಗೆ ಎಷ್ಟು ಅಂತ ಎರಡಕ್ಕೂ ಬೇರೆ ಬೇರೆ ಬರೀರಿ, ಜಿಎಸ್‌ಟಿ, ಬಾಡಿಗೆ ಬಿಡಿಸಿ ತೋರಿಸಿ, ಕೊನೆಗೆ ಗೋಡೌನ್ ಮುಟ್ಟೋ ಹೊತ್ತಿಗೆ ಒಟ್ಟು ಎಷ್ಟಾಗುತ್ತೆ ಅನ್ನೋದೂ ಇರ್ಲಿ. ದುಡ್ಡು ಆರ್ಡರ್ ಜೊತೆ 25% ಅಡ್ವಾನ್ಸ್, ಉಳಿದಿದ್ದು ಆಯಾ ಕಂತಿನ ತೂಕ, ಸ್ಯಾಂಪಲ್ ಸರಿ ಬಂದ 3 ದಿನದೊಳಗೆ ಬ್ಯಾಂಕಿಗೆ ಹಾಕ್ತೀವಿ.

ತಾಮ್ರದ ರೇಟ್ ಏರಿಳಿತ ಇರುತ್ತೆ ಅಂತ ಗೊತ್ತು, ಆದ್ರೂ ಕೊಟೇಶನ್ ಏಪ್ರಿಲ್ 30ರ ತನಕ ಊರ್ಜಿತ ಇರ್ಬೇಕು, ಅಷ್ಟರೊಳಗೆ ಆರ್ಡರ್ ಕೊಟ್ರೆ ಎರಡೂ ಕಂತಿಗೆ ಅದೇ ರೇಟು. ನಮ್ಮ ಸಭೆ ಏಪ್ರಿಲ್ 20ಕ್ಕೆ ಇದೆ, ಬೇರೆ ಇಬ್ಬರ ಹತ್ರನೂ ಕೇಳಿದೀವಿ, ಮೂರನ್ನೂ ಎಲ್ಲರ ಮುಂದೆ ಓದಿ ತೀರ್ಮಾನ ಮಾಡ್ತೀವಿ. ಹಂಗಾಗಿ ಫೋನಲ್ಲಿ ರೇಟ್ ಹೇಳಿದ್ರೆ ನಡೆಯೋಲ್ಲ, ಲೆಟರ್‌ಹೆಡ್ ಮೇಲೆ ಸಹಿ ಸೀಲ್ ಹಾಕಿ, ಜಿಎಸ್‌ಟಿ ನಂಬರ್, ಮಾರಾಟದ ಲೈಸೆನ್ಸ್ ಕಾಪಿ ಸೇರಿಸಿ ಏಪ್ರಿಲ್ 15ರ ಒಳಗೆ ಇದೇ ನಂಬರ್‌ಗೆ ವಾಟ್ಸಾಪ್ ಪಿಡಿಎಫ್ ಕಳ್ಸಿ. ಇದರಲ್ಲಿ ಯಾವುದಾದ್ರೂ ಷರತ್ತು ನಿಮಗೆ ಆಗೋಲ್ಲ ಅಂದ್ರೆ ಅದನ್ನೂ ಅಲ್ಲೇ ಬರೀರಿ, ಮಾತಾಡೋಣ. ಸಾಧ್ಯ ಆದ್ರೆ ಎರಡರದ್ದೂ ಅರ್ಧರ್ಧ ಕೆಜಿ ಸ್ಯಾಂಪಲ್ ಬಸ್ಸಿಗೆ ಹಾಕಿ, ಅದರ ದುಡ್ಡು ಕೊಡ್ತೀವಿ.

ಇಂತಿ,
ಕಾರ್ಯದರ್ಶಿ, ಅಡಿಕೆ ಬೆಳೆಗಾರರ ಗುಂಪು
ಕೋಣಂದೂರು, ತೀರ್ಥಹಳ್ಳಿ ತಾಲೂಕು
ಏಪ್ರಿಲ್ 4