ಐದೂವರೆಗಿಂತ ಮುಂಚಿನ ಹಾಲು

ತಿಂಗಳ 13ರಂದು, ಸೋಮವಾರ ಬೆಳಿಗ್ಗೆ, ಮಂಡ್ಯ ಜಿಲ್ಲೆಯ 37 ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹೊಸ ತಂತ್ರಾಂಶ ಚಾಲನೆಗೆ ಬಂತು. ಕಾರ್ಯದರ್ಶಿ ಟ್ಯಾಬ್‌ನಲ್ಲಿ ಸದಸ್ಯರ ಸಂಖ್ಯೆ ಒತ್ತಿದರೆ ಸಾಕು, ತೂಕದ ಯಂತ್ರದಿಂದ ಲೀಟರೂ ಅನಲೈಸರ್‌ನಿಂದ ಫ್ಯಾಟ್ ಮತ್ತು ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ಅಂಕಿಗಳೂ ತಾವಾಗಿಯೇ ಬಂದು, ದರ ಲೆಕ್ಕವಾಗಿ, ಚೀಟಿ ಮುದ್ರಣವಾಗಿ ಕೈಗೆ ಬರುತ್ತಿತ್ತು. ತಿಂಗಳ ಮೊದಲ ಹದಿನೈದು ದಿನದ ಬಟವಾಡೆ ಹೊಸ ವ್ಯವಸ್ಥೆಯಲ್ಲೇ ಆಗಬೇಕೆಂದು, 1ರಿಂದ 12ನೇ ತಾರೀಖಿನವರೆಗಿನ ಹಳೆಯ ಲೆಕ್ಕವನ್ನೂ ಮೊದಲೇ ಅದಕ್ಕೆ ಸೇರಿಸಲಾಗಿತ್ತು.

ಬೆಂಗಳೂರಿನ ಜಯನಗರದ ಕಚೇರಿಗೆ ತಂಡದವರು ಬರುವ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ನಮೂದುಗಳು ಸರ್ವರ್ ತಲುಪಿದ್ದವು ಮತ್ತು ದೋಷಗಳ ಪಟ್ಟಿ ಖಾಲಿಯಾಗಿತ್ತು. ಮಧ್ಯಾಹ್ನ ಯಾರೋ ಮೈಸೂರುಪಾಕು ತಂದರು. ನಮೂದುಗಳನ್ನು ಸ್ವೀಕರಿಸಿ ದಾಖಲಿಸುವ ಭಾಗವನ್ನು ಬರೆದಿದ್ದ ರೂಪಾಳಿಗೆ ಎರಡು ತುಂಡು ಸಿಕ್ಕವು.

ಸಂಜೆ ಆರು ದಾಟಿದ ಮೇಲೆ ನಾಗಮಂಗಲ ತಾಲ್ಲೂಕಿನ ಒಂದು ಸಂಘದ ಕಾರ್ಯದರ್ಶಿ ಸಿದ್ದೇಗೌಡರು ಫೋನು ಮಾಡಿದರು.

“ಮೇಡಂ, ಒಂದು ಸಣ್ಣ ವಿಚಾರ. ನಮ್ಮ ಕೆಂಪಮ್ಮ ಇವತ್ತು ಬೆಳಿಗ್ಗೆ ಹಾಕಿದ ಹಾಲಿಗೆ ನಿನ್ನೆ ತಾರೀಖಿನ ಚೀಟಿ ಬಂದದೆ. ಮೊಮ್ಮಗಳ ಕೈಲಿ ಓದಿಸ್ಕೊಂಡು ಬಂದು ಈಗ ಸಂಜೆ ಹಾಲಿಗೆ ನಿಂತೋರ ಮುಂದೆ ಜಗಳಕ್ಕೆ ನಿಂತವ್ಳೆ.”

“ಅವರೊಬ್ಬರಿಗೇನಾ ಗೌಡ್ರೇ?”

“ಇಲ್ಲ. ಮೊದಲು ಬಂದ ಇಪ್ಪತ್ತು ಇಪ್ಪತ್ತೈದು ಜನಕ್ಕೂ ಹಂಗೇ ಆಗದೆ. ಆಮೇಲೆ ಬಂದೋರದ್ದೆಲ್ಲ ಸರಿಯಾಗದೆ. ತಾರೀಖು ಹೋಗ್ಲಿ ಬಿಡಿ, ನಿನ್ನೆ ಬೆಳಿಗ್ಗೆ ಆಯಮ್ಮ ಹಾಕಿದ್ದು 3.8 ಲೀಟರು. ಈಗ ನೋಡುದ್ರೆ ನಿನ್ನೇದರಲ್ಲಿ 4.2 ತೋರಿಸ್ತದೆ, ಇವತ್ತಿಂದು ಖಾಲಿ.”

ಕೆಂಪಮ್ಮ ಎಷ್ಟು ಗಂಟೆಗೆ ಬಂದಿದ್ದರು ಎಂದು ರೂಪಾ ಕೇಳಿದಳು. ಐದೂ ಹತ್ತು ಎಂಬ ಉತ್ತರ ಬಂದಾಗ ಅವಳಿಗೆ ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ. ತಾನೇ ಬರೆದ ಸಾಲುಗಳನ್ನು ತೆರೆದಳು.

```sql
INSERT INTO pours (member_id, pour_date, shift, litres, fat, snf, received_at)
VALUES ($1, CURRENT_DATE, $2, $3, $4, $5, now())
ON CONFLICT (member_id, pour_date, shift)
DO UPDATE SET litres = EXCLUDED.litres, fat = EXCLUDED.fat,
              snf = EXCLUDED.snf, received_at = now();
```

ಸರ್ವರ್ ಇದ್ದದ್ದು ಮುಂಬೈಯಲ್ಲಿ, ಆದರೆ ಅದರ ಗಡಿಯಾರ ನಡೆಯುತ್ತಿದ್ದದ್ದು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಾಗಮಂಗಲದಲ್ಲಿ ಬೆಳಗಿನ 5.10 ಆಗಿದ್ದಾಗ ಸರ್ವರ್‌ನ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿ 11.40 ಆಗಿತ್ತು. ಐದೂವರೆಗೆ ಮುಂಚೆ ಬಂದ ಹಾಲೆಲ್ಲ 12ನೇ ತಾರೀಖಿಗೆ ಹೋಗಿತ್ತು. ಹೋಗಿ ಸುಮ್ಮನೆ ಕುಳಿತಿದ್ದರೂ ಆಗುತ್ತಿತ್ತು. ನೆಟ್‌ವರ್ಕ್ ಕೈಕೊಟ್ಟಾಗ ಟ್ಯಾಬ್ ಒಂದೇ ನಮೂದನ್ನು ಎರಡು ಮೂರು ಸಲ ಕಳುಹಿಸುತ್ತದೆಂಬ ಕಾರಣಕ್ಕೆ, ಅದೇ ಸದಸ್ಯರ, ಅದೇ ದಿನದ, ಅದೇ ಹೊತ್ತಿನ ನಮೂದು ಮತ್ತೆ ಬಂದರೆ ಹಳೆಯದರ ಮೇಲೆ ಹೊಸದನ್ನು ಬರೆಯುವಂತೆ ಅವಳೇ ಏರ್ಪಾಡು ಮಾಡಿದ್ದಳು. ಹಾಗಾಗಿ 13ರ ಹಾಲು 12ರ ಹಾಲನ್ನು ಅಳಿಸಿ ಅದರ ಜಾಗದಲ್ಲಿ ಕುಳಿತಿತ್ತು.

ಇದು ಪರೀಕ್ಷೆಯಲ್ಲಿ ಸಿಗದಿದ್ದುದಕ್ಕೆ ಕಾರಣ ಸರಳವಾಗಿತ್ತು. ಡೆವಲಪರುಗಳ ಲ್ಯಾಪ್‌ಟಾಪುಗಳಲ್ಲಿ ಡೇಟಾಬೇಸ್ ಭಾರತದ ಸಮಯವನ್ನೇ ಅನುಸರಿಸುತ್ತಿತ್ತು. ಸರ್ವರ್‌ನಲ್ಲಿ ನಡೆದ ಪರೀಕ್ಷೆಗಳೆಲ್ಲ ಬೆಳಿಗ್ಗೆ ಹತ್ತರಿಂದ ಸಂಜೆ ಏಳರೊಳಗೆ ಮುಗಿದಿದ್ದವು, ಆ ಹೊತ್ತಿನಲ್ಲಿ ಎರಡೂ ಗಡಿಯಾರಗಳ ತಾರೀಖು ಒಂದೇ ಆಗಿರುತ್ತದೆ. ಊರಿಗೇ ಹೋಗಿ ನೋಡೋಣವೆಂದು ಹೊರಟಿದ್ದ ತಂಡವಂತೂ ಬೆಂಗಳೂರು ಬಿಟ್ಟದ್ದೇ ಐದು ಗಂಟೆಗೆ. ಅವರು ಡೈರಿಯ ಬಾಗಿಲಿಗೆ ಕಾರು ನಿಲ್ಲಿಸುವಷ್ಟರಲ್ಲಿ ಕ್ಯಾನುಗಳು ಲಾರಿ ಏರಿದ್ದವು.

ತಂಡದ ಮುಖ್ಯಸ್ಥ ಮಹೇಶ ವಿಷಯವನ್ನೆಲ್ಲ ಕೇಳಿಸಿಕೊಂಡು ಗಡಿಯಾರ ನೋಡಿದ. ಮರುದಿನ ಬೆಳಿಗ್ಗೆ ಐದಕ್ಕೆ ಮತ್ತೆ ಹಾಲು ಬರುತ್ತದೆ. ಅಷ್ಟರೊಳಗೆ ಸರಿಯಾಗದಿದ್ದರೆ 14ರ ಹಾಲು 13ರ ಮೇಲೆ ಕುಳಿತುಕೊಳ್ಳುತ್ತದೆ.

“ಹಳೆಯ ತಂತ್ರಾಂಶಕ್ಕೆ ವಾಪಸು ಹೋಗೋಣವೇ?” ಎಂದು ಅವನೇ ಕೇಳಿ, ಹಳೆಯ ಕಂಪ್ಯೂಟರುಗಳನ್ನು ಶನಿವಾರವೇ ಎತ್ತಿಕೊಂಡು ಹೋಗಿದ್ದಾರೆಂಬುದನ್ನು ನೆನೆದು ಸುಮ್ಮನಾದ.

ತಾರೀಖಿನ ದೋಷವನ್ನು ಸರಿಪಡಿಸಲು ರೂಪಾಳಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. `CURRENT_DATE` ಇದ್ದಲ್ಲಿ ಈ ತುಂಡನ್ನು ಬರೆದಳು:

```sql
(now() AT TIME ZONE 'Asia/Kolkata')::date
```

ಕೋಡಿನ ತಪ್ಪು ಕೋಡಿನಲ್ಲೇ ಮುಗಿಯುತ್ತದೆ. ಆದರೆ ಅದು ದಿನವಿಡೀ ಉಂಟುಮಾಡಿದ ಅಂಕಿಗಳು ಹಾಗೆಯೇ ಉಳಿದಿದ್ದವು. ಯಾವ ನಮೂದು ಯಾವ ಕ್ಷಣದಲ್ಲಿ ಬಂದಿತ್ತೆಂಬುದು `received_at` ಅಂಕಣದಲ್ಲಿ ಭದ್ರವಾಗಿದ್ದುದು ಪುಣ್ಯ. ಆ ಕ್ಷಣಕ್ಕೂ ದಾಖಲಾದ ತಾರೀಖಿಗೂ ಹೊಂದಿಕೆಯಾಗದ ಸಾಲುಗಳನ್ನು ಹುಡುಕಿದಾಗ 862 ಸಿಕ್ಕವು. ಅವುಗಳ ತಾರೀಖನ್ನು 13ಕ್ಕೆ ತಂದು, 12ರ ಬೆಳಗಿನ ಸಾಲುಗಳನ್ನು ಹಳೆಯ ಲೆಕ್ಕದ ಕಡತದಿಂದ ಮತ್ತೆ ತುಂಬಿದರೆ ಸಾಕೆಂದು ಅವಳಿಗೆ ತೋರಿತು.

“ರಾತ್ರಿಯೇ ಸರಿಮಾಡಿ ಮುಗಿಸಿಬಿಡು. ಬೆಳಿಗ್ಗೆ ಎದ್ದವರಿಗೆ ಏನೂ ಗೊತ್ತಾಗುವುದಿಲ್ಲ,” ಎಂದ ಮಹೇಶ.

“862 ಜನರ ಕೈಯಲ್ಲಿ ತಪ್ಪು ತಾರೀಖಿನ ಚೀಟಿ ಇದೆ, ಮಹೇಶ್. ನಾವು ಅಂಕಿ ತಿದ್ದಿದರೆ ಚೀಟಿ ಸುಳ್ಳಾಗುತ್ತದೆ. ಆಗ ಜಗಳ ನಮ್ಮ ಜೊತೆ ಆಗುವುದಿಲ್ಲ, ಕಾರ್ಯದರ್ಶಿಗಳ ಜೊತೆ ಆಗುತ್ತದೆ.”

ಅವನು ವಾದಿಸಲಿಲ್ಲ. ಕುರ್ಚಿ ಎಳೆದುಕೊಂಡು ಎಲ್ಲ ಕಾರ್ಯದರ್ಶಿಗಳಿಗೂ ಕಳುಹಿಸಬೇಕಾದ ಸಂದೇಶವನ್ನು ತಾನೇ ಬರೆಯಲು ಕುಳಿತ. ಮೊದಲ ಕರಡಿನಲ್ಲಿ “ತಾಂತ್ರಿಕ ಕಾರಣಗಳಿಂದ” ಎಂದಿತ್ತು. ರೂಪಾ ಅದನ್ನು ಹೊಡೆದು ಹಾಕಿಸಿದಳು. ಹೋದ ಸಂದೇಶ ಹೀಗಿತ್ತು: “13ರಂದು ಬೆಳಿಗ್ಗೆ 5.30ಕ್ಕೆ ಮುಂಚೆ ಹಾಕಿದ ಹಾಲು ನಮ್ಮ ತಂತ್ರಾಂಶದ ತಪ್ಪಿನಿಂದ 12ನೇ ತಾರೀಖಿಗೆ ದಾಖಲಾಗಿದೆ. ಸದಸ್ಯರದಾಗಲಿ ತಮ್ಮದಾಗಲಿ ತಪ್ಪಿಲ್ಲ. ದಯವಿಟ್ಟು ಆ ಚೀಟಿಗಳನ್ನು ಎಸೆಯದಂತೆ ತಿಳಿಸಿ. ಸರಿಪಡಿಸಿದ ಪಟ್ಟಿಯನ್ನು ನಾಳೆ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಕಳುಹಿಸುತ್ತೇವೆ.”

ರಾತ್ರಿ ಹನ್ನೊಂದರ ಸುಮಾರಿಗೆ, ಡೇಟಾಬೇಸಿನ ಒಂದು ಪ್ರತಿಯ ಮೇಲೆ, ರೂಪಾ ತನ್ನ ತಿದ್ದುಪಡಿಯನ್ನು ಓಡಿಸಿದಳು. ಅದು ನಡುವೆಯೇ ನಿಂತಿತು.

```
ERROR:  duplicate key value violates unique constraint
```

12ರಿಂದ 13ಕ್ಕೆ ತರಬೇಕಾದ ಕೆಲವು ಸದಸ್ಯರಿಗೆ 13ರ ಬೆಳಗಿನ ನಮೂದು ಆಗಲೇ ಇತ್ತು. ಅಂಥವು 19. ಒಬ್ಬರೇ ಸದಸ್ಯರು ಐದೂವರೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹಾಲು ಹಾಕಿದ್ದರು, ಲೀಟರೂ ಬೇರೆ, ಫ್ಯಾಟೂ ಬೇರೆ. ಟ್ಯಾಬ್ ಎರಡು ಸಲ ಕಳುಹಿಸಿದ್ದಲ್ಲ, ನಿಜವಾಗಿಯೂ ಎರಡು ಸಲ ಹಾಲು ಬಂದಿತ್ತು.

ಅವಳು ಬಹಳ ಹೊತ್ತು ಆ 19 ಸಾಲುಗಳನ್ನೇ ನೋಡುತ್ತಾ ಕುಳಿತಳು. ಒಂದೇ ಹೊತ್ತಿನಲ್ಲಿ ಒಬ್ಬರು ಎರಡು ಸಲ ಹಾಲು ತರಬಹುದೆಂದು ತಂತ್ರಾಂಶ ಬರೆದ ಯಾರೂ ಯೋಚಿಸಿರಲಿಲ್ಲ. ಹಾಗಿದ್ದರೆ ಎರಡು ಸಲವೂ ಐದೂವರೆ ಆದ ಮೇಲೆ ಬಂದವರ ಗತಿಯೇನು? ಅವರ ಎರಡನೆಯ ಕ್ಯಾನು ಮೊದಲನೆಯದನ್ನು ಅಳಿಸಿರಬೇಕು, ಮತ್ತು ತಾರೀಖು ಸರಿಯಾಗಿಯೇ ಇರುವುದರಿಂದ ಅವರಲ್ಲಿ ಯಾರಿಗೂ ಇನ್ನೂ ಅನುಮಾನ ಬಂದಿರಲಿಕ್ಕಿಲ್ಲ. ಈ 19 ಜನರ ಮೊದಲ ಕ್ಯಾನನ್ನು ಉಳಿಸಿದ್ದು ತಾರೀಖಿನ ತಪ್ಪೇ ಎಂಬುದು ಅವಳಿಗೆ ಆಗ ಹೊಳೆಯಿತು.

ಪ್ರತಿ ನಮೂದೂ ಟ್ಯಾಬಿನಿಂದ ಹೊರಡುವಾಗ ತನ್ನದೇ ಒಂದು ಗುರುತನ್ನು, ಅಂದರೆ `request_id`ಯನ್ನು, ಹೊತ್ತು ಬರುತ್ತಿತ್ತು. ಇಡೀ ನಮೂದಿನ ಜೊತೆ ಅದನ್ನು ಸರ್ವರಿನ ಲಾಗ್ ಕಡತದಲ್ಲಿ ಬರೆದಿಡಲಾಗುತ್ತಿತ್ತು, ಡೇಟಾಬೇಸಿಗೆ ಮಾತ್ರ ಸೇರಿಸಿರಲಿಲ್ಲ. ಮತ್ತೆ ಕಳುಹಿಸಿದ ನಮೂದಿಗೆ ಅದೇ ಗುರುತು, ಹೊಸ ಹಾಲಿಗೆ ಹೊಸ ಗುರುತು. ಲಾಗ್ ತೆಗೆದು ಎಣಿಸಿದಳು. ಅಳಿಸಿಹೋದ ಕ್ಯಾನುಗಳು 31 ಇದ್ದವು, ಹದಿನಾಲ್ಕು ಸಂಘಗಳಲ್ಲಿ.

ರಾತ್ರಿ ಎರಡರ ಹೊತ್ತಿಗೆ ಅವಳು ಸಾಲು ಸಾಲಾಗಿ ತೇಪೆ ಹಾಕುವ ಯೋಜನೆಯನ್ನೇ ಬಿಟ್ಟಳು. 13ರಂದು ಬಂದದ್ದನ್ನೆಲ್ಲ ತೆಗೆದು, 12ರವರೆಗಿನ ಲೆಕ್ಕವನ್ನು ಮೂಲ ಕಡತದಿಂದ ಹೊಸದಾಗಿ ತುಂಬಿ, ಲಾಗಿನಲ್ಲಿದ್ದ ಇಡೀ ದಿನದ ನಮೂದುಗಳನ್ನು ಅವು ಬಂದ ಸಮಯವನ್ನೇ ಉಳಿಸಿಕೊಂಡು, ಬಂದ ಕ್ರಮದಲ್ಲೇ ಮತ್ತೆ ಓಡಿಸುವುದೆಂದು ತೀರ್ಮಾನಿಸಿದಳು. ಸದಸ್ಯರು, ದಿನ, ಹೊತ್ತು ಎಂಬ ನಿರ್ಬಂಧವನ್ನು ಕಿತ್ತು, ಆ ಜಾಗದಲ್ಲಿ `request_id` ಒಂದನ್ನೇ ಇಟ್ಟಳು. ಟ್ಯಾಬಿನ ಗಡಿಯಾರವನ್ನೇ ನಂಬಿಬಿಡೋಣವೇ ಎಂಬ ಯೋಚನೆಯೂ ನಡುವೆ ಬಂತು. ನೆಟ್‌ವರ್ಕ್ ಇಲ್ಲದ ಊರಿನ ನಮೂದು ತಡವಾಗಿ ಬಂದಾಗ ಸರ್ವರಿನ ಸಮಯ ಹಾಲು ಹಾಕಿದ ಸಮಯವಾಗಿರುವುದಿಲ್ಲ, ನಿಜ. ಆದರೆ ಕೆಲವು ಟ್ಯಾಬುಗಳ ತಾರೀಖು ತಿಂಗಳುಗಟ್ಟಲೆ ಹಿಂದಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಕೆಲಸವನ್ನು ಪಟ್ಟಿಯಲ್ಲಿ ಬರೆದಿಟ್ಟು ಮುಂದೆ ಹೋದಳು. ನಿದ್ದೆಗಣ್ಣಿನಲ್ಲಿ ಮೂರನೆಯ ಬದಲಾವಣೆಗೆ ಕೈಹಾಕುವುದು ಅವಳಿಗೆ ಸರಿಯೆನಿಸಲಿಲ್ಲ. ಮಹೇಶ ಪ್ರತಿ ಸಾಲನ್ನೂ ಓದಿ, ಎರಡು ಕಡೆ ಪ್ರಶ್ನೆ ಕೇಳಿ, ಒಂದು ಕಡೆ ಅವಳು ಮರೆತಿದ್ದ ಸಂಜೆಯ ನಮೂದುಗಳನ್ನು ನೆನಪಿಸಿದ.

ಪ್ರತಿಯ ಮೇಲೆ ಎಲ್ಲವೂ ಸುಗಮವಾಗಿ ಓಡಿತು. ಆದರೂ ಅಸಲಿಗೆ ಕೈಹಾಕುವ ಮುಂಚೆ ಹೊರಗಿನದೊಂದು ಅಂಕಿಯೊಂದಿಗೆ ತಾಳೆ ನೋಡಬೇಕೆಂದು ಅವಳಿಗೆ ಅನಿಸಿತು. ನಾಲ್ಕು ಗಂಟೆಗೆ ಸಿದ್ದೇಗೌಡರಿಗೆ ಫೋನು ಮಾಡಿದಾಗ ಅವರು ಎರಡನೆಯ ರಿಂಗಿಗೇ ಎತ್ತಿಕೊಂಡರು.

“ಗೌಡ್ರೇ, ಎಬ್ಬಿಸಿಬಿಟ್ಟೆನಾ?”

“ಎಬ್ಬಿಸೋದೇನು ಬಂತು, ಡೈರಿ ಬೀಗ ತೆಗೀತಾ ಇದೀನಿ.”

“ನಿನ್ನೆ ಬೆಳಿಗ್ಗೆದು ನಿಮ್ಮ ಪುಸ್ತಕದಲ್ಲಿ ಒಟ್ಟು ಎಷ್ಟಿದೆ?”

ಹಾಳೆ ತಿರುವಿದ ಸದ್ದು ಕೇಳಿಸಿತು. ಹೊಸ ಯಂತ್ರ ಬಂದರೂ ಅವರು ಕೈಬರಹದ ಪುಸ್ತಕ ಬಿಟ್ಟಿರಲಿಲ್ಲ. ತರಬೇತಿಯಲ್ಲಿ ಅದು ಇನ್ನು ಬೇಡವೆಂದು ಹೇಳಿಕೊಟ್ಟಿದ್ದು ರೂಪಾಳ ತಂಡವೇ.

“646.5 ಲೀಟರು.”

ಪರದೆಯ ಮೇಲೆ ಅದೇ ಅಂಕಿ ಇತ್ತು. ಸಂಜೆಯವರೆಗೂ ತಂತ್ರಾಂಶ ತೋರಿಸುತ್ತಿದ್ದದ್ದು ಅದಕ್ಕಿಂತ ನೂರಕ್ಕೂ ಹೆಚ್ಚು ಲೀಟರು ಕಡಿಮೆ. ಅವಳು 41ನೇ ಸದಸ್ಯರ ಬಗ್ಗೆ ಕೇಳಿದಳು, ಎರಡು ಸಲ ಹಾಕಿದ್ದಾರೆಯೇ ಎಂದು.

“ಹೂಂ, ದಿನಾ ಹಾಕ್ತಾರೆ. ಅಣ್ಣ ತಮ್ಮಂದಿರು ಬೇರೆಯಾದರೂ ನಂಬರು ಅಪ್ಪನ ಹೆಸರಲ್ಲೇ ಒಂದೇ ಅದೆ. ಒಬ್ಬ ಬೇಗ ಬತ್ತಾನೆ, ಇನ್ನೊಬ್ಬ ಲಾರಿ ಬರೋ ಹೊತ್ತಿಗೆ. ಯಾಕೆ ಮೇಡಂ, ಅದೂ ಕೆಟ್ಟಿತ್ತಾ?”

ಕೆಟ್ಟಿತ್ತೆಂದು ಅವಳು ಹೇಳಿದಳು. ಎಷ್ಟು ಕೆಟ್ಟಿತ್ತು, ಏನು ಸರಿಯಾಗಿದೆ ಎಂಬುದನ್ನೂ ಬಿಡಿಸಿ ಹೇಳಿದಳು.

4.35ಕ್ಕೆ ಅಸಲಿ ಡೇಟಾಬೇಸಿನ ಪೂರ್ತಿ ನಕಲು ತೆಗೆದಿಟ್ಟು ತಿದ್ದುಪಡಿ ಓಡಿಸಿದಳು. 4.52ಕ್ಕೆ ಹೊಸ ಕೋಡು ಸರ್ವರ್ ಏರಿತು. 5.03ಕ್ಕೆ ಮದ್ದೂರಿನ ಕಡೆಯ ಒಂದು ಸಂಘದಿಂದ ಮೊದಲ ನಮೂದು ಬಂದು 14ನೇ ತಾರೀಖಿನಲ್ಲಿ ಕುಳಿತಿತು. ಕೆಂಪಮ್ಮನದು 5.09ಕ್ಕೆ ಬಂತು: 4.1 ಲೀಟರು, 14, ಬೆಳಿಗ್ಗೆ. ಅದರ ಮೇಲಿನ ಸಾಲುಗಳಲ್ಲಿ 13ರ ಬೆಳಿಗ್ಗೆಗೆ 4.2 ಇತ್ತು, 12ರ ಬೆಳಿಗ್ಗೆಗೆ 3.8.

ಮಹೇಶ ಸರಿಪಡಿಸಿದ ಪಟ್ಟಿಗಳನ್ನು 37 ಸಂಘಗಳಿಗೂ ಕಳುಹಿಸಿ, ಕಾಫಿ ಸಿಗುವ ಹೋಟೆಲು ತೆರೆದಿದೆಯೇ ನೋಡಲು ಕೆಳಗಿಳಿದ. ಏಳು ಗಂಟೆಗೆ, ಲಾರಿ ಹೋದ ಮೇಲೆ, ಸಿದ್ದೇಗೌಡರ ಫೋನು ಮತ್ತೆ ಬಂತು.

“ಎಲ್ಲ ಸರಿಯಾಗದೆ ಮೇಡಂ. ತಪ್ಪು ಚೀಟಿಗಳಿಗೆಲ್ಲ ಪೆನ್ನಲ್ಲಿ ತಾರೀಖು ತಿದ್ದಿ, ಸಂಘದ ಸೀಲು ಹೊಡೆದು ಕೊಟ್ಟಿದೀನಿ. ಕೆಂಪಮ್ಮ ಎರಡು ಸೀಲು ಹೊಡೆಸ್ಕೊಂಡು ಹೋದಳು. ಇನ್ನೊಂದು ವಿಚಾರ. ಎರಡು ಸಲ ಹಾಕಿದೋರಿಗೆ ಈಗ ಎರಡು ಚೀಟಿ ಬತ್ತಾ ಅವೆ. ನೀವು ಕೊಟ್ಟ ಪೇಪರ್ ರೋಲು ತಿಂಗಳಿಗೆ ಸಾಲಕಿಲ್ಲ. ಇನ್ನೂ ನಾಲ್ಕು ಕಳಿಸಿ.”

ರೂಪಾ ಟ್ಯಾಬಿನ ಗಡಿಯಾರದ ಕೆಲಸವನ್ನು ಬರೆದಿಟ್ಟಿದ್ದ ಪಟ್ಟಿಯನ್ನು ತೆರೆದು, ಅದರ ಕೆಳಗೆ ಪೇಪರ್ ರೋಲು ಎಂದು ಸೇರಿಸಿದಳು. ಆಮೇಲೆ ಉಳಿದ 36 ಸಂಘಗಳಿಗೆ ಎಷ್ಟೆಷ್ಟು ಬೇಕಾದೀತೆಂದು ಲೆಕ್ಕ ಹಾಕತೊಡಗಿದಳು.