ಉತ್ತರವನ್ನು ಮೊದಲ ಸಾಲಿಗೆ ಹಾಕಿ ನೋಡಿ

10ನೇ ತರಗತಿ, ‘ಬ’ ವಿಭಾಗ, ಜಮಖಂಡಿ
ವಿಷಯ: ವರ್ಗ ಸಮೀಕರಣಗಳ ಕಿರುಪರೀಕ್ಷೆಯ ನಂತರ

ಮಕ್ಕಳೇ,

ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಿಮಗೆ ಮರಳಿಸಿದ್ದೇನೆ. ಹಲವರ ಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ತಾಳೆ?’ ಎಂದಷ್ಟೇ ಬರೆದಿದೆ. ಆ ಒಂದು ಪದದಲ್ಲಿ ನಾನು ಕೇಳುತ್ತಿರುವುದು ಏನು ಎಂಬುದನ್ನು ಈ ಹಾಳೆಯಲ್ಲಿ ಬಿಡಿಸಿ ಬರೆದಿದ್ದೇನೆ. ಪೆನ್ಸಿಲ್ ಹಿಡಿದುಕೊಂಡು ಓದಿ. ಪ್ರತಿ ಲೆಕ್ಕವನ್ನೂ ಪಕ್ಕದ ಹಾಳೆಯಲ್ಲಿ ನೀವೇ ಮಾಡಿಕೊಂಡು ಮುಂದೆ ಹೋಗಿ.

ಈ ಸಮೀಕರಣದಿಂದ ಶುರು ಮಾಡೋಣ.

√(x + 7) = x − 5

ಎರಡೂ ಕಡೆ ವರ್ಗ ಮಾಡಿದರೆ x + 7 = x² − 10x + 25. ಎಲ್ಲವನ್ನೂ ಒಂದೇ ಕಡೆಗೆ ತಂದರೆ x² − 11x + 18 = 0. ಅಪವರ್ತಿಸಿದರೆ (x − 9)(x − 2) = 0. ಆದ್ದರಿಂದ x = 9 ಅಥವಾ x = 2. ಇಲ್ಲಿಯವರೆಗೆ ಒಂದು ಹೆಜ್ಜೆಯೂ ತಪ್ಪಿಲ್ಲ. ಆದರೂ ಎರಡರಲ್ಲಿ ಒಂದು ಉತ್ತರವೇ ಅಲ್ಲ.

x = 9 ಹಾಕಿ: ಎಡಭಾಗ √16 = 4, ಬಲಭಾಗ 9 − 5 = 4. ಸರಿ.
x = 2 ಹಾಕಿ: ಎಡಭಾಗ √9 = 3, ಬಲಭಾಗ 2 − 5 = −3. ಸರಿಯಲ್ಲ.

ತಪ್ಪೇ ಮಾಡದೆ ಈ 2 ಎಲ್ಲಿಂದ ಬಂತು? ಲೆಕ್ಕ ಬಿಡಿಸುವಾಗ ನಾವು ಒಂದು ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತೇವೆ. ಮೇಲಿನದು ನಿಜವಾದರೆ ಕೆಳಗಿನದೂ ನಿಜ, ಅಷ್ಟರ ಭರವಸೆ ಮಾತ್ರ ನಮಗಿದೆ. ಕೆಳಗಿನದು ನಿಜವಾದ ಮಾತ್ರಕ್ಕೆ ಮೇಲಿನದೂ ನಿಜ ಎನ್ನುವ ಭರವಸೆ ಎಲ್ಲ ಹೆಜ್ಜೆಗಳಲ್ಲೂ ಸಿಗುವುದಿಲ್ಲ. a = b ಆದರೆ a² = b² ಆಗಲೇಬೇಕು. ಆದರೆ a² = b² ಆದರೆ a = b ಇರಬಹುದು, a = −b ಕೂಡ ಇರಬಹುದು. ವರ್ಗ ಮಾಡಿದ ಕೂಡಲೇ ಚಿಹ್ನೆ ಅಳಿದುಹೋಗುತ್ತದೆ. 3 ಮತ್ತು −3 ಎರಡೂ 9 ಆಗಿಬಿಡುತ್ತವೆ. ನಮ್ಮ 2 ನಿಜಕ್ಕೂ −√(x + 7) = x − 5 ಎಂಬ ಬೇರೆಯೇ ಸಮೀಕರಣದ ಮೂಲ. ವರ್ಗ ಮಾಡಿದ ಸಾಲಿನಲ್ಲಿ ಎರಡೂ ಸಮೀಕರಣಗಳು ಒಂದೇ ರೂಪಕ್ಕೆ ಬರುವುದರಿಂದ ಎರಡರ ಮೂಲಗಳೂ ಕೂಡಿಯೇ ಕೆಳಗಿಳಿದವು. ಹೀಗೆ ಕೊಟ್ಟ ಸಮೀಕರಣಕ್ಕೆ ಸೇರದೆ, ನಡುವಿನ ಹೆಜ್ಜೆಯಲ್ಲಿ ಬಂದು ಸೇರಿದ ಮೂಲವನ್ನು ಹೊರಗಿನ ಮೂಲ ಎನ್ನೋಣ.

ಇಂಥ ಲೆಕ್ಕದ ತಾಳೆ ನೋಡುವಾಗ ಒಂದು ಎಚ್ಚರಿಕೆ ಬೇಕು. ತಾಳೆಯ ನಡುವೆಯೂ ಕೆಲವರು ‘ಎರಡೂ ಕಡೆ ವರ್ಗ ಮಾಡಿದಾಗ’ ಎಂದು ಬರೆದು 9 = 9 ತೋರಿಸಿದ್ದೀರಿ. ಹಾಗೆ ಮಾಡಿದರೆ ಅಳಿದ ಚಿಹ್ನೆ ಮತ್ತೆ ಅಳಿಯುತ್ತದೆ, 2 ಕೂಡ ಪಾಸಾಗುತ್ತದೆ. ತಾಳೆ ನೋಡುವಾಗ ಪದಗಳನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸಬಾರದು, ವರ್ಗ ಮಾಡಬಾರದು, ಎರಡೂ ಕಡೆ ಯಾವುದರಿಂದಲೂ ಗುಣಿಸಬಾರದು. ಎಡಭಾಗವನ್ನು ಬೇರೆ ಬಿಡಿಸಿ, ಬಲಭಾಗವನ್ನು ಬೇರೆ ಬಿಡಿಸಿ. ಎರಡೂ ಒಂದೇ ಸಂಖ್ಯೆಯಾಗಿ ಬಂದ ಮೇಲಷ್ಟೇ ನಡುವೆ ಸಮ ಚಿಹ್ನೆ ಹಾಕಿ.

ಹೊರಗಿನ ಮೂಲ ಬರುವ ಇನ್ನೊಂದು ದಾರಿ ಛೇದ. ನಿಮ್ಮ ಪಠ್ಯದ ಅಭ್ಯಾಸಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ.

x/(x − 2) + 1/(x + 1) = 6/((x − 2)(x + 1))

ಎರಡೂ ಕಡೆಯನ್ನು ಛೇದಗಳ ಲ.ಸಾ.ಅ. (x − 2)(x + 1) ರಿಂದ ಗುಣಿಸಿದರೆ x(x + 1) + (x − 2) = 6, ಅಂದರೆ x² + 2x − 8 = 0, ಅಂದರೆ (x + 4)(x − 2) = 0. x = −4 ಅಥವಾ x = 2. ಈಗ 2 ನ್ನು ಮೊದಲ ಸಾಲಿಗೆ ಹಾಕಿ: x − 2 ಸೊನ್ನೆಯಾಗುತ್ತದೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. x = 2 ಆದಾಗ ನಾವು ಎರಡೂ ಕಡೆ ಗುಣಿಸಿದ್ದೇ ಸೊನ್ನೆಯಿಂದ. ಸೊನ್ನೆಯಿಂದ ಗುಣಿಸಿದರೆ 5 = 8 ಎಂಬ ಸುಳ್ಳೂ 0 = 0 ಎಂಬ ನಿಜವಾಗುತ್ತದೆ. −4 ಹಾಕಿದರೆ ಎಡಭಾಗ (−4)/(−6) + 1/(−3) = 2/3 − 1/3 = 1/3, ಬಲಭಾಗ 6/((−6)(−3)) = 6/18 = 1/3. ಉತ್ತರ −4 ಒಂದೇ. ಪತ್ರಿಕೆಯಲ್ಲಿ 2 ನ್ನು ಸುಮ್ಮನೆ ಗೀಟು ಹಾಕಿ ಹೊಡೆಯಬೇಡಿ. ‘x = 2 ಆದಾಗ ಛೇದ ಸೊನ್ನೆಯಾಗುವುದರಿಂದ ತಿರಸ್ಕರಿಸಿದೆ’ ಎಂದು ಕಾರಣ ಬರೆಯಿರಿ.

ಇನ್ನು ಕೈತಪ್ಪಿನ ಮಾತು. ನಿಮ್ಮ ಅಂಕಗಳು ಹೆಚ್ಚು ಹೋಗಿರುವುದು ಇಲ್ಲೇ. (x − 3)² = x + 3 ಎಂಬ ಲೆಕ್ಕವನ್ನು ಒಂದು ಪತ್ರಿಕೆಯಲ್ಲಿ ಹೀಗೆ ಬಿಡಿಸಿದೆ:

(x − 3)² = x + 3
x² − 6x + 9 = x + 3
x² − 5x + 6 = 0
(x − 2)(x − 3) = 0
x = 2 ಅಥವಾ x = 3

ಕೆಳಗೆ ತಾಳೆಯೂ ಇದೆ: 2² − 5(2) + 6 = 4 − 10 + 6 = 0, ‘ಸರಿ’. ತಾಳೆ ನೋಡಿದ್ದು ಒಳ್ಳೆಯದೇ, ಆದರೆ ಹಾಕಿ ನೋಡಿದ್ದು ಮೂರನೇ ಸಾಲಿಗೆ. ಆ ಸಾಲನ್ನು ಬರೆದವರು ನೀವು. ತಪ್ಪಿನ ಮೇಲೆ ಹುಟ್ಟಿದ ಉತ್ತರ ಅದೇ ತಪ್ಪು ಸಾಲಿಗೆ ಹೊಂದಿಕೊಳ್ಳಲೇಬೇಕು. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುವ ಸಾಲಿಗೆ ಹಾಕಿ: ಎಡಭಾಗ (2 − 3)² = 1, ಬಲಭಾಗ 2 + 3 = 5. ತಪ್ಪು ತಕ್ಷಣ ಕಾಣುತ್ತದೆ.

ತಪ್ಪಿದೆ ಎಂದು ಗೊತ್ತಾದ ಮೇಲೆ ಇಡೀ ಲೆಕ್ಕವನ್ನು ಅಳಿಸಿ ಹೊಸದಾಗಿ ಮಾಡಬೇಕಿಲ್ಲ. ಅದೇ 2 ನ್ನು ಹಿಡಿದು ಕೆಳಗಿನಿಂದ ಒಂದೊಂದೇ ಸಾಲು ಮೇಲೆ ಹತ್ತಿ. ಮೂರನೇ ಸಾಲಿನಲ್ಲಿ 0 = 0, ಸರಿ. ಎರಡನೇ ಸಾಲಿನಲ್ಲಿ 4 − 12 + 9 = 1, ಬಲಗಡೆ 5, ಸರಿಯಲ್ಲ. ಅಂದರೆ ತಪ್ಪು ನಡೆದಿರುವುದು ಎರಡನೇ ಮತ್ತು ಮೂರನೇ ಸಾಲಿನ ನಡುವೆ. ಅಲ್ಲಿ ನೋಡಿದರೆ −6x − x ಎಂಬುದು −7x ಆಗುವ ಬದಲು −5x ಆಗಿದೆ. ತಿದ್ದಿದರೆ x² − 7x + 6 = 0, ಮೂಲಗಳು 1 ಮತ್ತು 6. 1 ಹಾಕಿದರೆ ಎರಡೂ ಕಡೆ 4, 6 ಹಾಕಿದರೆ ಎರಡೂ ಕಡೆ 9.

ಈ ಮೇಲೆ ಹತ್ತುವ ಕ್ರಮ ನನಗೆ ಬಹಳ ಮುಖ್ಯ ಅನಿಸುತ್ತದೆ, ಏಕೆಂದರೆ ಹೊರಗಿನ ಮೂಲವೋ ಕೈತಪ್ಪೋ ಎಂಬುದನ್ನೂ ಅದೇ ಹೇಳುತ್ತದೆ. ಮೊದಲ ಲೆಕ್ಕದ 2 ನ್ನು ಹಿಡಿದು ಹತ್ತಿ ನೋಡಿ. x + 7 = x² − 10x + 25 ಎಂಬ ಸಾಲಿನಲ್ಲಿ 9 = 9. ಅದರ ಮೇಲಿನ ಸಾಲಿನಲ್ಲಿ 3 ಮತ್ತು −3. ಸಮತೆ ಮುರಿದಿರುವುದು ವರ್ಗ ಮಾಡಿದ ಹೆಜ್ಜೆಯಲ್ಲಿ, ಅದೂ ಬರೀ ಚಿಹ್ನೆಯ ವ್ಯತ್ಯಾಸದಿಂದ. ಹಾಗಿದ್ದರೆ ಅದು ಹೊರಗಿನ ಮೂಲ, ಬಿಟ್ಟುಬಿಡಿ. ಸಮತೆ ಮುರಿದ ಕಡೆ ಬರೀ ಪದಗಳನ್ನು ಸಾಗಿಸಿದ್ದರೆ, ಆವರಣ ಬಿಡಿಸಿದ್ದರೆ, ಅಲ್ಲಿರುವುದು ನಿಮ್ಮ ತಪ್ಪು. ಅದನ್ನು ತಿದ್ದಬೇಕು, ಉತ್ತರವನ್ನು ‘ತಿರಸ್ಕರಿಸಿದೆ’ ಎಂದು ಬರೆದು ಮುಗಿಸುವಂತಿಲ್ಲ.

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳಲ್ಲೂ ಇದೇ ಬಗೆಯ ಮೋಸ ಇದೆ. 2x + y = 11 ಮತ್ತು 3x − 2y = 6 ತೆಗೆದುಕೊಳ್ಳಿ. ಮೊದಲನೆಯದರಿಂದ y = 11 − 2x. ಎರಡನೆಯದರಲ್ಲಿ ಆದೇಶಿಸಿ −2(11 − 2x) ನ್ನು −22 − 4x ಎಂದು ತಪ್ಪಾಗಿ ಬಿಡಿಸಿದರೆ x = −28, y = 67 ಬರುತ್ತದೆ. ಮೊದಲ ಸಮೀಕರಣಕ್ಕೆ ಹಾಕಿ: −56 + 67 = 11. ತಾಳೆಯಾಯಿತು! y ಬಂದಿದ್ದೇ ಆ ಸಮೀಕರಣದಿಂದ, ಹಾಗಾಗಿ x ಏನೇ ಇದ್ದರೂ ಅಲ್ಲಿ ತಾಳೆಯಾಗುತ್ತದೆ. ಎರಡನೆಯದಕ್ಕೆ ಹಾಕಿದರೆ −84 − 134 = −218, ಬೇಕಿದ್ದುದು 6. ಸರಿಯಾದ ಉತ್ತರ x = 4, y = 3. ಎರಡೂ ಸಮೀಕರಣಗಳಲ್ಲಿ ನೋಡಿ. ಸಮಯ ಇಲ್ಲದಿದ್ದರೆ, y ತೆಗೆಯಲು ಬಳಸದಿರುವ ಸಮೀಕರಣದಲ್ಲಾದರೂ ನೋಡಿ.

ಹೇಳಿಕೆ ಲೆಕ್ಕದಲ್ಲಿ ಮೊದಲ ಸಾಲು ಸಮೀಕರಣವಲ್ಲ, ಹೇಳಿಕೆಯೇ. ಬಾಗಲಕೋಟೆಯಿಂದ ವಿಜಯಪುರದ ಕಡೆಗೆ ಒಂದು ಕಾರು ಹೋಗಬೇಕಾದ ದೂರ 90 ಕಿ.ಮೀ. ಎಂದು ಹಿಡಿಯಿರಿ. ಗಂಟೆಗೆ 15 ಕಿ.ಮೀ. ವೇಗ ಹೆಚ್ಚಿಸಿದರೆ 30 ನಿಮಿಷ ಉಳಿಯುತ್ತದೆ. ಮೊದಲಿನ ವೇಗ ಎಷ್ಟು?

90/x − 90/(x + 15) = 1/2

ಇದರಿಂದ x² + 15x − 2700 = 0, ಮೂಲಗಳು 45 ಮತ್ತು −60. ಇಲ್ಲಿ ಕೆಲವರು ‘−60 ಸಮೀಕರಣಕ್ಕೆ ಹೊಂದುವುದಿಲ್ಲ’ ಎಂದು ಬರೆದಿದ್ದೀರಿ. ಹಾಕಿ ನೋಡದೆ ಬರೆದ ಮಾತು ಅದು. −90/60 + 90/45 = −3/2 + 2 = 1/2, ಸರಿಯಾಗಿ ಹೊಂದುತ್ತದೆ. ಅದು ಹೊರಗಿನ ಮೂಲವಲ್ಲ. ಬಿಡುವುದಕ್ಕೆ ಕಾರಣ ಬೇರೆ: ವೇಗ ಋಣ ಸಂಖ್ಯೆಯಾಗುವುದಿಲ್ಲ.

ಇದೇ ಲೆಕ್ಕದಲ್ಲಿ 1/2 ಗಂಟೆಯ ಬದಲು ಬಲಗಡೆ 30 ಎಂದು ಬರೆದವರಿಗೆ x ಸುಮಾರು 2.56 ಬಂದಿದೆ. ಅದನ್ನು ಅವರ ಸಮೀಕರಣಕ್ಕೆ ಹಾಕಿದರೆ ತಾಳೆಯಾಗುತ್ತದೆ. ಹೇಳಿಕೆಗೆ ಹಾಕಿದರೆ ಕಾರು 90 ಕಿ.ಮೀ. ಹೋಗಲು 35 ಗಂಟೆ ತೆಗೆದುಕೊಳ್ಳುತ್ತದೆ, ನಡೆದು ಹೋಗುವವರೇ ಮುಂದೆ ಹೋಗುತ್ತಾರೆ. 45 ನ್ನು ಹೇಳಿಕೆಗೆ ಹಾಕಿ: 90 ÷ 45 = 2 ಗಂಟೆ, 90 ÷ 60 = 1 ಗಂಟೆ 30 ನಿಮಿಷ, ಉಳಿದದ್ದು 30 ನಿಮಿಷ.

ಬೆಲೆ ಹಾಕುವಾಗ ಋಣ ಸಂಖ್ಯೆಗೆ ಆವರಣ ತಪ್ಪಿಸಬೇಡಿ. x = −4 ಆದರೆ x² ಎಂಬುದು (−4)² = 16. ಆವರಣವಿಲ್ಲದೆ −4² ಎಂದು ಬರೆದರೆ −16 ಆಗಿ, ಸರಿಯಾದ ಉತ್ತರವೇ ತಪ್ಪೆಂದು ಕಾಣುತ್ತದೆ. 2 + √3 ಯಂಥ ಮೂಲ ಬಂದರೆ ದಶಮಾಂಶದಲ್ಲಿ ನೋಡಿದರೂ ಸಾಕು. x² − 4x + 1 ರಲ್ಲಿ x = 3.73 ಹಾಕಿದರೆ 13.91 − 14.92 + 1 = −0.01. ಸೊನ್ನೆಗೆ ಇಷ್ಟು ಹತ್ತಿರ ಬಂದರೆ ಸರಿ, 2 ಅಥವಾ 5 ಉಳಿದರೆ ಎಲ್ಲೋ ತಪ್ಪಿದೆ. ಮೂಲಗಳ ಮೊತ್ತ −b/a, ಗುಣಲಬ್ಧ c/a ಎಂದು ನೋಡುವುದು ಇನ್ನೂ ಬೇಗ ಆಗುತ್ತದೆ. ಆದರೆ ಅದು ನೀವು ಇಳಿಸಿಕೊಂಡ ವರ್ಗ ಸಮೀಕರಣವನ್ನಷ್ಟೇ ಪರೀಕ್ಷಿಸುತ್ತದೆ, ಪ್ರಶ್ನೆಯ ಸಾಲನ್ನಲ್ಲ.

ತಾಳೆಗೆ ಸಿಗದ ಒಂದು ತಪ್ಪೂ ಇದೆ: ಕಳೆದುಹೋದ ಮೂಲ. x² = 5x ನ್ನು ಎರಡೂ ಕಡೆ x ನಿಂದ ಭಾಗಿಸಿ x = 5 ಎಂದು ಬರೆದವರ ತಾಳೆ 25 = 25, ಸರಿಯೇ. ಆದರೆ x = 0 ಕೂಡ ಮೂಲ. ನೀವು ಬರೆಯದೇ ಇರುವ ಉತ್ತರವನ್ನು ಹಾಕಿ ನೋಡಲು ಬರುವುದಿಲ್ಲ. ಆದ್ದರಿಂದ ಚರಾಕ್ಷರದಿಂದ ಭಾಗಿಸಬೇಡಿ. x² − 5x = 0 ಮಾಡಿ x(x − 5) = 0 ಎಂದು ಅಪವರ್ತಿಸಿ. ವರ್ಗ ಸಮೀಕರಣಕ್ಕೆ ಒಂದೇ ಮೂಲ ಬಂದರೆ b² − 4ac ಸೊನ್ನೆಯೇ ಎಂದು ನೋಡಿಕೊಳ್ಳಿ.

ಸೋಮವಾರಕ್ಕೆ ಈ ಮೂರು ಲೆಕ್ಕ. ಪ್ರತಿಯೊಂದಕ್ಕೂ ಎಡಭಾಗ, ಬಲಭಾಗ ಬೇರೆ ಬೇರೆ ಬರೆದ ತಾಳೆ ಇರಬೇಕು. ಬಿಟ್ಟ ಮೂಲವಿದ್ದರೆ ಬಿಟ್ಟ ಕಾರಣವೂ ಇರಬೇಕು.

1) √(2x + 9) = x − 3
2) x/(x − 1) = 1/(x − 1) + 3
3) (x + 2)² = 3x + 10

ಎರಡನೇ ಲೆಕ್ಕದ ಕೊನೆಯಲ್ಲಿ ಕೈಯಲ್ಲಿ ಏನೂ ಉಳಿಯದಿದ್ದರೆ ಗಾಬರಿಯಾಗಬೇಡಿ. ಉಳಿಯದ್ದಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ತನ್ನಿ.

ನಿಮ್ಮ ಗಣಿತ ಶಿಕ್ಷಕರು